ಹದಿನೈದು ರೂಪಾಯಿಯ ಪಿಟೀಲು: ಒಂದು ಸಣ್ಣಕಥೆಯ ಪರಿಶೀಲನೆ

ಬಡ ಹುಡುಗನೊಬ್ಬ ಕಾಸಿಗೆ ಕಾಸು ಕೂಡಿಸಿ ತಾನು ಬಯಸಿದ ವಸ್ತುವನ್ನು ಕೊಳ್ಳುವ ಕಥೆ ಬಹು ಹಳೆಯದು. ಇಂಥ ಕಥೆಗಳ ಜಾಡು ಎಲ್ಲರಿಗೂ ಪರಿಚಿತವಾದುದರಿಂದ ಕಥೆಗಾರನಿಗೆ ಅದು ಸುಲಭವೆಂದು ತೋರುತ್ತದೆ. ವಾಸ್ತವವಾಗಿ ಅದೇ ಅವನಿಗೆ ಅಪಾಯಕರವಾದುದು. ಬಯಕೆ, ಅಡ್ಡಿ, ತ್ಯಾಗ, ಸಿದ್ಧಿ ಎಂಬ ನಾಲ್ಕು ಮೆಟ್ಟಿಲುಗಳನ್ನು ವಾಚಕನು ಕಥೆಗಾರನಿಗಿಂತ ಮೊದಲೇ ಹತ್ತಿ ನಿಂತಿರುತ್ತಾನೆ. ನಮ್ಮ ವಿಭಾಗದ ಕಥಾಗೋಷ್ಠಿಯಲ್ಲಿ ವಿದ್ಯಾರ್ಥಿಯೊಬ್ಬರು ಓದಿದ, ಇನ್ನೂ ಹಸ್ತಪ್ರತಿಯಲ್ಲಿಯೇ ಇರುವ ಒಂದು ಸಣ್ಣಕಥೆ ಈ ಅಪಾಯವನ್ನು ಬಹುಮಟ್ಟಿಗೆ ದಾಟಿದೆ. ಕೊನೆಯ ಒಂದು ಪುಟದಲ್ಲಿ ಮಾತ್ರ ಅದಕ್ಕೆ ಸಿಕ್ಕಿಬಿದ್ದಿದೆ. ದಾಟಿದುದು ಹೇಗೆ, ಸಿಕ್ಕಿಬಿದ್ದುದು ಏತಕ್ಕೆ ಎಂಬುದನ್ನು ವಿಚಾರಮಾಡುವುದು ಈ ಲೇಖನದ ಉದ್ದೇಶ. ಕಥೆ ಪ್ರಕಟವಾಗುವ ಮುನ್ನ ತಿದ್ದುಪಾಟಿಗೆ ಅವಕಾಶವಿರುವುದರಿಂದ ಈ ವಿಚಾರ ಕೇವಲ ಪಾಂಡಿತ್ಯದ ವಿನೋದವಲ್ಲ.

ಮೊದಲು ಕಥಾವಸ್ತುವನ್ನು ಸಂಗ್ರಹವಾಗಿ ಹೇಳಬೇಕು. ಕಾಲ 1956–57, ಸ್ಥಳ ಮೈಸೂರಿನ ಒಂದು ವಠಾರ. ನಾಣಿ ಎಂಬ ಹನ್ನೊಂದು ವರ್ಷದ ಹುಡುಗ ಶಾಲೆಗೆ ಹೋಗುವ ದಾರಿಯಲ್ಲಿ ಹಳೆಯ ಸಾಮಾನಿನ ಅಂಗಡಿಯೊಂದರ ಗೋಡೆಗೆ ತೂಗುಹಾಕಿದ ಪಿಟೀಲನ್ನು ಕಾಣುತ್ತಾನೆ. ಅದರ ಬೆಲೆ ನಲವತ್ತೈದು ರೂಪಾಯಿ. ತಂದೆ ಶನಿವಾರ ಶನಿವಾರ ಕೊಡುವ ಎರಡಾಣೆಯನ್ನು ಅವನು ತಗಡಿನ ಡಬ್ಬಿಯಲ್ಲಿ ಕೂಡಿಡತೊಡಗುತ್ತಾನೆ. ಪಕ್ಕದ ಮನೆಯ ಸುಬ್ಬರಾಯರು ತಾಲ್ಲೂಕು ಕಚೇರಿಯ ಗುಮಾಸ್ತೆಯಾಗಿ ನಿವೃತ್ತರಾದವರು. ಒಂದು ಕಾಲದಲ್ಲಿ ಕಚೇರಿಗಳಿಗೆ ಪಕ್ಕವಾದ್ಯ ನುಡಿಸಿದವರು. ಮಗಳ ಮದುವೆಯ ವೇಳೆ ಪಿಟೀಲನ್ನು ಮಾರಿದವರು. ಹುಡುಗನ ಆಸೆಯನ್ನರಿತು ಅವರು, ಪಿಟೀಲಿಲ್ಲದೆಯೇ, ಪಾಠವನ್ನು ಆರಂಭಿಸುತ್ತಾರೆ. ಅರುವತ್ತು ವಾರಗಳ ಬಳಿಕ ಅಂಗಡಿಯವನು ಪಿಟೀಲಿನ ಬೆಲೆಯನ್ನು ಹದಿನೈದು ರೂಪಾಯಿಗೆ ಇಳಿಸುತ್ತಾನೆ. ಅದನ್ನು ಅಲುಗಿಸಿದರೆ ಒಳಗೆ ಏನೋ ಗಡಗಡ ಎನ್ನುತ್ತಿದೆ. ಹುಡುಗನೂ ರಾಯರೂ ಹೋಗಿ ಅದನ್ನು ಕೊಳ್ಳುತ್ತಾರೆ. ಮನೆಗೆ ಬಂದು ರಾಯರು ಅದನ್ನು ಸರಿಪಡಿಸುತ್ತಾರೆ. ಹಸ್ತಪ್ರತಿಯ ಕೊನೆಯಲ್ಲಿ, ಮೂವತ್ತು ವರ್ಷಗಳ ಅನಂತರ ವಿದ್ವಾಂಸನಾಗಿ ಹೆಸರುಮಾಡಿದ ನಾಣಿ ಅದೇ ಅಂಗಡಿಗೆ ಹೋಗಿ, ಅಂಗಡಿಯವನ ಮಗನ ಕೈಗೆ ಉಳಿದ ಮೂವತ್ತು ರೂಪಾಯಿಗಳನ್ನು ಕೊಟ್ಟು ಬರುತ್ತಾನೆ.

ಈ ಕಥೆಯ ಮೊದಲ ಗುಣವೆಂದರೆ ಲೆಕ್ಕದಲ್ಲಿರುವ ಪ್ರಾಮಾಣಿಕತೆ. ಉಳಿತಾಯದ ಕಥೆಗಳಲ್ಲಿ ಹಣ ಸಾಮಾನ್ಯವಾಗಿ ಕಥೆಗಾರನ ಅನುಕೂಲಕ್ಕೆ ತಕ್ಕಂತೆ ಬೆಳೆಯುತ್ತದೆ. ಇಲ್ಲಿ ಹಾಗಾಗಿಲ್ಲ. ನಲವತ್ತೈದು ರೂಪಾಯಿ ಎಂದರೆ ಏಳುನೂರ ಇಪ್ಪತ್ತು ಆಣೆ. ವಾರಕ್ಕೆ ಎರಡಾಣೆಯಂತೆ ಮುನ್ನೂರ ಅರುವತ್ತು ವಾರ. ಏಳು ವರ್ಷಕ್ಕೆ ಸ್ವಲ್ಪ ಕಡಿಮೆ. ನಾಣಿ ಈ ಭಾಗಾಕಾರವನ್ನು ಎರಡನೆಯ ಪುಟದಲ್ಲಿಯೇ ಸ್ಲೇಟಿನ ಮೇಲೆ ಮಾಡಿ, ಉತ್ತರವನ್ನು ನೋಡಿ, ಅಳಿಸಿ, ಆದರೂ ಡಬ್ಬಿಗೆ ಮೊದಲ ಬಿಲ್ಲೆಯನ್ನು ಹಾಕುತ್ತಾನೆ. ಕಥೆಗಾರರು ಅವನ ಮನಸ್ಸಿನ ದೃಢತೆಯನ್ನು ಕುರಿತು ಒಂದು ವಿಶೇಷಣವನ್ನೂ ಬಳಸಿಲ್ಲ. ಸ್ಲೇಟೇ ಅದನ್ನು ಹೇಳುತ್ತದೆ.

ಅರುವತ್ತು ವಾರಗಳ ಕೊನೆಗೆ ಡಬ್ಬಿಯಲ್ಲಿರುವುದು ಅರುವತ್ತು ಎರಡಾಣೆ ಬಿಲ್ಲೆಗಳು, ಅಂದರೆ ಏಳು ರೂಪಾಯಿ ಎಂಟಾಣೆ. ಹಬ್ಬಗಳಲ್ಲಿ ಹಿರಿಯರು ಕೊಟ್ಟದ್ದು ಮೂರು ರೂಪಾಯಿ ಎಂಟಾಣೆ. ಬೆಳಗಿನ ಹೊತ್ತು ಎರಡು ಮನೆಗಳಿಗೆ ಹಾಲು ತಂದುಕೊಟ್ಟು ಪಾವಲಿ ಪಾವಲಿಯಾಗಿ ಗಳಿಸಿದ್ದು ನಾಲ್ಕು ರೂಪಾಯಿ. ಒಟ್ಟು ಹದಿನೈದು, ಹೆಚ್ಚಿಲ್ಲ, ಕಡಿಮೆಯಿಲ್ಲ. ಇಷ್ಟು ನಿಖರವಾಗಿ ಮೊತ್ತವನ್ನು ಕೂಡಿಸಿರುವುದಕ್ಕೆ ಕಾರಣವಿದೆ. ಅವರು ಅಂಗಡಿಗೆ ಹೋಗುವುದು 1957ರ ಏಪ್ರಿಲ್ ತಿಂಗಳ ಎರಡನೆಯ ವಾರದಲ್ಲಿ. ಆ ತಿಂಗಳ ಮೊದಲನೆಯ ದಿನ ನಮ್ಮ ದೇಶದಲ್ಲಿ ದಶಮಾಂಶ ನಾಣ್ಯಪದ್ಧತಿ ಜಾರಿಗೆ ಬಂದು, ಹದಿನಾರಾಣೆಯ ರೂಪಾಯಿ ನೂರು ನಯೇ ಪೈಸೆಯ ರೂಪಾಯಿಯಾಗಿತ್ತು. ಹಳೆಯ ನಾಣ್ಯಗಳೂ ಕೆಲವು ಕಾಲ ಹೊಸವುಗಳೊಡನೆ ಚಲಾವಣೆಯಲ್ಲಿದ್ದವು. ಕರಾರುವಾಕ್ಕಾಗಿ ಎರಡಾಣೆಗೆ ಹನ್ನೆರಡೂವರೆ ನಯೇ ಪೈಸೆಯಾಗಬೇಕು. ಅರ್ಧ ಪೈಸೆಯ ನಾಣ್ಯವಿಲ್ಲದುದರಿಂದ ಪರಿವರ್ತನೆಯ ಪಟ್ಟಿಯಲ್ಲಿ ಎರಡಾಣೆಗೆ ಹನ್ನೆರಡು, ನಾಲ್ಕಾಣೆಗೆ ಇಪ್ಪತ್ತೈದು, ಎಂಟಾಣೆಗೆ ಐವತ್ತು ಎಂದು ಗೊತ್ತುಮಾಡಿದ್ದರು. ಪಾವಲಿಗೂ ಎಂಟಾಣೆಗೂ ನಷ್ಟವಿಲ್ಲ. ಎರಡಾಣೆ ಬಿಲ್ಲೆಯನ್ನು ಒಂದೊಂದಾಗಿ ಎಣಿಸಿದರೆ ಪ್ರತಿಯೊಂದರಲ್ಲಿಯೂ ಅರ್ಧ ಪೈಸೆ ಹೋಗುತ್ತದೆ.

ಅಂಗಡಿಯವನು ಒಂದೊಂದಾಗಿಯೇ ಎಣಿಸುತ್ತಾನೆ. ಅರುವತ್ತು ಬಿಲ್ಲೆಗಳಿಗೆ ಅವನ ಲೆಕ್ಕದಲ್ಲಿ ಏಳು ರೂಪಾಯಿ ಇಪ್ಪತ್ತು ನಯೇ ಪೈಸೆ. ಹುಡುಗನಿಗೆ ಮೂವತ್ತು ನಯೇ ಪೈಸೆ ಸಾಲದು. ಅಲ್ಲಿಯವರೆಗೆ ಸುಮ್ಮನಿದ್ದ ಸುಬ್ಬರಾಯರು ಮುಂದೆ ಬಂದು ಎಂಟೆಂಟು ಬಿಲ್ಲೆಗಳನ್ನು ಒಂದರ ಮೇಲೊಂದಿಟ್ಟು ಏಳು ಗೋಪುರ ಕಟ್ಟುತ್ತಾರೆ. ಎಂಟು ಎರಡಾಣೆ ಎಂದರೆ ಹದಿನಾರಾಣೆ. ಹದಿನಾರಾಣೆ ಎಂದರೆ ಒಂದು ರೂಪಾಯಿ. ಸರ್ಕಾರ ಯಾವುದೇ ಇರಲಿ, ರೂಪಾಯಿ ರೂಪಾಯಿಯೇ. ಉಳಿದ ನಾಲ್ಕು ಬಿಲ್ಲೆಗಳಿಗೆ ಎಂಟಾಣೆ, ಅಂದರೆ ಐವತ್ತು. ಕಚೇರಿಯಲ್ಲಿ ಆಯುಷ್ಯವನ್ನು ಕಳೆದ ಗುಮಾಸ್ತೆಯ ಸ್ವಭಾವ, ಹುಡುಗನ ಮೇಲಿನ ಅಕ್ಕರೆ, ಅನ್ಯಾಯವನ್ನು ಸಹಿಸದ ಸಣ್ಣ ಕೋಪ, ಮೂರೂ ಆ ಏಳು ಗೋಪುರಗಳಲ್ಲಿ ಅಡಕವಾಗಿವೆ. ಅಂಗಡಿಯವನು ಒಪ್ಪುತ್ತಾನೆ. ಕಥೆಯ ಕೇಂದ್ರಕ್ಕೆ ನಾವು ಮುಂದೆ ಬರುವಾಗ ಈ ಮೂವತ್ತು ಪೈಸೆಗಳನ್ನು ಜ್ಞಾಪಕದಲ್ಲಿಡಬೇಕು.

ಎರಡನೆಯ ಗುಣ ಪಾಠದ ಸನ್ನಿವೇಶಗಳಲ್ಲಿದೆ. ವಾದ್ಯವಿಲ್ಲದೆ ವಾದ್ಯವನ್ನು ಕಲಿಸುವುದು ಹೇಗೆ? ಕಥೆಗಾರರು ಇದನ್ನು ‘ರಾಯರು ಪ್ರೀತಿಯಿಂದ ಕಲಿಸಿದರು’ ಎಂಬ ಒಂದು ವಾಕ್ಯದಲ್ಲಿ ತೇಲಿಸದೆ, ಮಾಡಿ ತೋರಿಸಿದ್ದಾರೆ. ರಾಯರು ಮೊದಲು ಹಾಡಿಸುತ್ತಾರೆ. ಮಾಯಾಮಾಳವಗೌಳದ ಸರಳೆವರಸೆಗಳು ಮೂರು ಕಾಲಗಳಲ್ಲಿ ನಾಲಗೆಗೆ ಬಂದ ಮೇಲೆ ಜಂಟಿವರಸೆ. ಆಮೇಲೆ ಒಂದು ಬಿದಿರುಕೋಲು ಬರುತ್ತದೆ. ಅದು ಹುಡುಗನ ಪಿಟೀಲು. ಹುಡುಗ ನೆಲದ ಮೇಲೆ ಕುಳಿತು ಕೋಲಿನ ಒಂದು ತುದಿಯನ್ನು ಬಲಗಾಲಿನ ಹರಡಿನ ಮೇಲೆ ಊರಿ, ಇನ್ನೊಂದು ತುದಿಯನ್ನು ಎಡಭುಜದ ಕೆಳಗೆ ಎದೆಗೆ ಒರಗಿಸಿಕೊಳ್ಳುತ್ತಾನೆ. ಈ ಭಂಗಿ ನಮ್ಮ ಸಂಗೀತದ ಸ್ವಂತದ್ದು. ಬಾಲುಸ್ವಾಮಿ ದೀಕ್ಷಿತರ ಕಾಲದಿಂದ ಈಚೆಗೆ ಕರ್ನಾಟಕ ಸಂಗೀತದಲ್ಲಿ ನೆಲೆಗೊಂಡ ಈ ಪರದೇಶದ ವಾದ್ಯವನ್ನು ನಮ್ಮವರು ಹೀಗೆ ಕಾಲಿಗೂ ಎದೆಗೂ ಆನಿಸಿದ್ದರಿಂದ, ಅದನ್ನು ಹಿಡಿದು ನಿಲ್ಲಿಸುವ ಭಾರ ಎಡಗೈಗೆ ತಪ್ಪಿತು. ಗಮಕಕ್ಕೆ ಬೇಕಾದ ಜಾರುವಿಕೆ ಬೆರಳುಗಳಿಗೆ ಸುಲಭವಾಯಿತು. ಕೋಲಿನ ಮೇಲೆ ಅಭ್ಯಾಸಮಾಡಿದ ಹುಡುಗನಿಗೆ ಇದಾದರೂ ನಿಜವಾಗಿಯೇ ದಕ್ಕುತ್ತದೆ.

ಪಿಟೀಲಿಗೆ ವೀಣೆಯಂತೆ ಮೆಟ್ಟಿಲುಗಳಿಲ್ಲ. ಬೆರಳನ್ನು ಎಲ್ಲಿಡಬೇಕೆಂದು ಮರ ಹೇಳುವುದಿಲ್ಲ. ನಾಣಿ ಕೋಲಿನ ಮೇಲೆ ಸ್ವರಸ್ಥಾನಗಳನ್ನು ಗುರುತಿಸುವಾಗ ಸೀಸದಕಡ್ಡಿಯಿಂದ ಸಮಸಮನಾದ ಗೆರೆಗಳನ್ನು ಎಳೆಯುತ್ತಾನೆ. ರಾಯರು ಅವನ್ನು ಒದ್ದೆ ಬಟ್ಟೆಯಿಂದ ಒರಸಿಹಾಕಿ, ಹದಿಮೂರು ಅಂಗುಲದ ಒಂದು ದಾರವನ್ನು ತೆಗೆಯುತ್ತಾರೆ. ಕುದುರೆಯಿಂದ ಮೇಲಿನ ಕಟ್ಟಿನವರೆಗೆ ಪಿಟೀಲಿನ ತಂತಿ ಮಿಡಿಯುವ ಉದ್ದ ಅಷ್ಟೇ. ದಾರವನ್ನು ಎರಡಾಗಿ ಮಡಿಸಿದರೆ ಮೇಲಿನ ಷಡ್ಜದ ಸ್ಥಾನ. ಮೂರಾಗಿ ಮಡಿಸಿ ಮೇಲಿನಿಂದ ಒಂದು ಮಡಿಕೆಯಷ್ಟು ಇಳಿದರೆ ಪಂಚಮ. ನಾಲ್ಕಾಗಿ ಮಡಿಸಿದರೆ ಮಧ್ಯಮ. ಐದಾಗಿ ಮಡಿಸಿದರೆ ಅಂತರ ಗಾಂಧಾರ. ತಂತಿ ಗಿಡ್ಡವಾದಷ್ಟೂ ಸ್ವರ ಏರುತ್ತದೆ, ಆದರೆ ಏರುವುದು ಪ್ರಮಾಣದಿಂದ, ಸಮನಾದ ಹೆಜ್ಜೆಗಳಿಂದಲ್ಲ. ಆದುದರಿಂದ ಷಡ್ಜದಿಂದ ಪಂಚಮಕ್ಕೆ ನಾಲ್ಕು ಅಂಗುಲಕ್ಕಿಂತ ಹೆಚ್ಚು ದೂರವಿದ್ದರೆ, ಪಂಚಮದಿಂದ ಮೇಲಿನ ಷಡ್ಜಕ್ಕೆ ಎರಡು ಅಂಗುಲಕ್ಕಿಂತ ಸ್ವಲ್ಪವೇ ಹೆಚ್ಚು.

ಈ ದಾರದ ಪ್ರಸಂಗ ಸಂಗೀತಶಾಸ್ತ್ರದ ದೃಷ್ಟಿಯಿಂದ ಸರಿಯಾಗಿದೆ. ಕಥೆಯ ದೃಷ್ಟಿಯಿಂದ ಅದಕ್ಕೂ ಹೆಚ್ಚು ಸರಿಯಾಗಿದೆ. ಡಬ್ಬಿಯ ಬಿಲ್ಲೆಗಳು ಒಂದರಂತೆ ಒಂದು. ಹತ್ತನೆಯದೂ ಅರುವತ್ತನೆಯದೂ ಎರಡಾಣೆಯೇ. ಹುಡುಗ ತನ್ನ ಡಬ್ಬಿಯ ಗಣಿತವನ್ನೇ ಕೋಲಿಗೂ ಅನ್ವಯಿಸಿದ್ದ. ಎಲ್ಲವನ್ನೂ ಸಮಭಾಗಗಳ ಕೂಡಿಕೆಯಿಂದ ಪಡೆಯಲಾಗುವುದಿಲ್ಲ ಎಂಬುದು ಅವನಿಗೆ ಸಿಕ್ಕಿದ ಮೊದಲನೆಯ ಪಾಠ. ಕಥೆಗಾರರು ಇದನ್ನು ಬಾಯಿಬಿಟ್ಟು ಹೇಳಿಲ್ಲ. ಒರಸಿದ ಗೆರೆಗಳ ಮಸಿ ಬಿದಿರಿನ ಮೇಲೆ ಉಳಿದಿತ್ತು ಎಂದಷ್ಟೇ ಹೇಳಿ ಮುಂದೆ ಹೋಗಿದ್ದಾರೆ. ನಮ್ಮ ಆಲಂಕಾರಿಕರು ಧ್ವನಿಯೆಂದು ಕರೆದದ್ದು ಇಂಥ ಎಡೆಗಳಲ್ಲಿಯೇ ಹುಟ್ಟುತ್ತದೆ.

ಸುಬ್ಬರಾಯರ ಹಿಂದಿನ ಬದುಕನ್ನು ಸೂಚಿಸುವುದಕ್ಕೂ ಒಂದು ವಸ್ತು ಸಾಕಾಗಿತ್ತು. ಪಿಟೀಲನ್ನು ಮಾರಿದ ಮೇಲೂ ಅವರು ಕಮಾನಿಗೆ ತಿಕ್ಕುವ ರಾಳದ ಉಂಡೆಯನ್ನು ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಯಲ್ಲಿ ಇಟ್ಟಿದ್ದಾರೆ. ವಾದ್ಯವಿಲ್ಲದವನಿಗೆ ರಾಳದಿಂದ ಯಾವ ಪ್ರಯೋಜನವೂ ಇಲ್ಲ. ಆದುದರಿಂದಲೇ ಅದು ಮಾತನಾಡುತ್ತದೆ. ಇದರ ಜೊತೆಗೆ ಹಸ್ತಪ್ರತಿಯಲ್ಲಿರುವ, ಮಗಳ ಮದುವೆಯ ಖರ್ಚು ಮತ್ತು ಹಳೆಯ ಕಚೇರಿಗಳ ವೈಭವವನ್ನು ವರ್ಣಿಸುವ ಒಂದೂವರೆ ಪುಟ, ನಮ್ಮ ಅಭಿಪ್ರಾಯದಲ್ಲಿ, ಅನಾವಶ್ಯಕ. ರಾಳದ ಉಂಡೆ ಹೇಳಿದುದನ್ನೇ ಅದು ಮತ್ತೊಮ್ಮೆ, ಅಷ್ಟು ಚೆನ್ನಾಗಿಲ್ಲದೆ, ಹೇಳುತ್ತದೆ.

ಇನ್ನು ಅಂಗಡಿಯ ಸನ್ನಿವೇಶ. ಕಥೆಯ ಮಹತ್ತ್ವವೆಲ್ಲ ಇಲ್ಲಿದೆ. ಅದನ್ನು ಗ್ರಹಿಸಲು ಪಿಟೀಲಿನ ಒಳಗಿನ ಒಂದು ಸಂಗತಿ ತಿಳಿದಿರಬೇಕು. ಪಿಟೀಲಿನ ಹೊಟ್ಟೆಯೊಳಗೆ, ಕುದುರೆಯ ಒಂದು ಪಾದದ ತುಸು ಹಿಂದೆ, ಮೇಲಿನ ಹಲಗೆಗೂ ಕೆಳಗಿನ ಹಲಗೆಗೂ ನಡುವೆ ಕಿರುಬೆರಳಿಗಿಂತ ತೆಳುವಾದ ಒಂದು ಮರದ ಕಂಬವಿರುತ್ತದೆ. ತಂತಿಗಳ ಕಂಪನವನ್ನು ಕೆಳಗಿನ ಹಲಗೆಗೆ ಮುಟ್ಟಿಸುವುದೂ, ತಂತಿಗಳ ಒತ್ತಡಕ್ಕೆ ಮೇಲಿನ ಹಲಗೆ ಕುಸಿಯದಂತೆ ಆನಿಸುವುದೂ ಅದರ ಕೆಲಸ. ಅದನ್ನು ವಜ್ರದಿಂದ ಅಂಟಿಸಿರುವುದಿಲ್ಲ. ಎರಡು ಹಲಗೆಗಳ ನಡುವಣ ಒತ್ತಿನಿಂದಲೇ ಅದು ನಿಂತಿರುತ್ತದೆ. ನಾಲ್ಕು ತಂತಿಗಳನ್ನೂ ಒಮ್ಮೆಗೇ ಸಡಿಲಿಸಿದರೆ ಒತ್ತು ತಪ್ಪಿ ಕಂಬ ಬೀಳಬಹುದು. ಬಿದ್ದ ಮೇಲೆ ವಾದ್ಯವನ್ನು ಅಲುಗಿಸಿದರೆ ಒಳಗೆ ಗಡಗಡ ಶಬ್ದವಾಗುತ್ತದೆ. ತಿಳಿಯದವರಿಗೆ ಅದು ಏನೋ ಮುರಿದ ಸದ್ದು. ತಿಳಿದವರಿಗೆ ಅದು ಅರ್ಧ ಗಂಟೆಯ ಕೆಲಸ. ಆದರೆ ಕಂಬ ಬಿದ್ದಿರುವಾಗ ತಂತಿಗಳನ್ನು ಬಿಗಿದರೆ ಮಾತ್ರ ಮೇಲಿನ ಹಲಗೆ ಕುಸಿದು ಸೀಳಿಬಿಡಬಹುದು. ಆಗ ವಾದ್ಯ ನಿಜವಾಗಿಯೇ ಕೆಡುತ್ತದೆ.

ಕಥೆಯಲ್ಲಿ ನಡೆದಿರುವುದು ಇದೇ. ಅಂಗಡಿಯ ಹುಡುಗ ಧೂಳು ಒರಸಲು ತಂತಿಗಳನ್ನು ಸಡಿಲಿಸಿದ್ದಾನೆ. ಅಂಗಡಿಯವನು ಪಿಟೀಲನ್ನು ಅಲುಗಿಸಿ, ಒಳಗೆ ಏನೋ ಮುರಿದುಹೋಗಿದೆ ಎಂದು ತಾನಾಗಿಯೇ ಹೇಳಿ, ಅದಕ್ಕೆ ತಾನು ಕೇಳುತ್ತಿರುವುದು ಹದಿನೈದೇ ಎನ್ನುತ್ತಾನೆ. ಸುಬ್ಬರಾಯರು ಪಿಟೀಲನ್ನು ಕೈಗೆ ತೆಗೆದುಕೊಂಡು ಕಿವಿಯ ಬಳಿ ಒಮ್ಮೆ ಅಲುಗಿಸಿ, “ಇರಬಹುದು” ಎನ್ನುತ್ತಾರೆ. ಅದೇ ಕ್ಷಣದಲ್ಲಿ ನಾಣಿ ಸಂಭ್ರಮದಿಂದ ಬಿರಡೆಗೆ ಕೈಹಾಕಿ ತಂತಿಯನ್ನು ಬಿಗಿಯಲು ಹೋದಾಗ, ಅವನ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದು ತಡೆಯುತ್ತಾರೆ.

ಈ ಎರಡು ವಿವರಗಳನ್ನು ಒಟ್ಟಿಗೆ ಓದಬೇಕು. ಮಣಿಕಟ್ಟನ್ನು ಹಿಡಿದ ಕೈ, ರಾಯರಿಗೆ ಎಲ್ಲವೂ ತಿಳಿದಿದೆ ಎಂದು ಹೇಳುತ್ತದೆ. “ಇರಬಹುದು” ಎಂಬ ಮಾತು, ತಿಳಿದುದನ್ನು ಅವರು ಹೇಳಲಿಲ್ಲ ಎಂದು ಹೇಳುತ್ತದೆ. ಅವರು ಸುಳ್ಳಾಡಲಿಲ್ಲ, ಸತ್ಯವನ್ನೂ ಆಡಲಿಲ್ಲ. ಮುಂದಿನ ಅರ್ಧ ಪುಟದಲ್ಲಿ ಇದೇ ಮನುಷ್ಯರು ಎಂಟೆಂಟು ಬಿಲ್ಲೆಗಳ ಗೋಪುರ ಕಟ್ಟಿ, ಮೂವತ್ತು ಪೈಸೆಯ ನ್ಯಾಯಕ್ಕಾಗಿ ಅಂಗಡಿಯವನೊಡನೆ ವಾದಿಸುತ್ತಾರೆ. ಮೂವತ್ತು ಪೈಸೆಯ ವಿಷಯದಲ್ಲಿ ಬಾಯಿಬಿಟ್ಟವರು ಮೂವತ್ತು ರೂಪಾಯಿಯ ವಿಷಯದಲ್ಲಿ ಬಾಯಿಮುಚ್ಚಿದರು. ಹುಡುಗನ ಮೇಲಿನ ಪ್ರೀತಿಯೇ ಎರಡಕ್ಕೂ ಕಾರಣ. ಕಥೆಯನ್ನು ಸಾಮಾನ್ಯ ಉಳಿತಾಯದ ಕಥೆಗಳಿಂದ ಮೇಲಕ್ಕೆತ್ತಿದ್ದು ಈ ಶೋಧನೆ. ಒಳ್ಳೆಯತನ ಒಂದೆಡೆ, ಕೆಟ್ಟತನ ಇನ್ನೊಂದೆಡೆ ಎಂದು ಪಾತ್ರಗಳನ್ನು ಹಂಚದೆ, ಉಪಕಾರದ ಒಳಗೇ ಬಿದ್ದ ಒಂದು ಸಣ್ಣ ಕಂಬವನ್ನು ಕಥೆಗಾರರು ಕಂಡುಹಿಡಿದಿದ್ದಾರೆ.

ಪೋಲಿಷ್ ಕಥೆಗಾರ ಸಿಯೆಂಕಿಯೆವಿಚ್ 1879ರಲ್ಲಿ ಪ್ರಕಟಿಸಿದ ‘ಸಂಗೀತಗಾರ ಯಾಂಕೊ’ ಎಂಬ ಕಥೆಯೊಡನೆ ಹೋಲಿಸಿದರೆ ಈ ವ್ಯತ್ಯಾಸ ಸ್ಪಷ್ಟವಾಗುತ್ತದೆ. ಅಲ್ಲಿಯೂ ಬಡ ಹುಡುಗನೊಬ್ಬ ಪಿಟೀಲಿಗಾಗಿ ಹಂಬಲಿಸುತ್ತಾನೆ. ದೊಡ್ಡಮನೆಯಲ್ಲಿ ತೂಗಿರುವ ಪಿಟೀಲನ್ನು ಮುಟ್ಟಲು ರಾತ್ರಿ ಒಳಗೆ ನುಗ್ಗಿ, ಕಳ್ಳನೆಂದು ಹೊಡೆತ ತಿಂದು ಸಾಯುತ್ತಾನೆ. ಆ ಕಥೆಯಲ್ಲಿ ಅನ್ಯಾಯವೆಲ್ಲ ಹೊರಗಿನ ಸಮಾಜದ್ದು, ಹುಡುಗ ನಿಷ್ಕಳಂಕ. ಅದರ ಕರುಣೆ ತೀವ್ರವಾದುದು, ಆದರೆ ಓದುಗನು ಯಾರ ಪಕ್ಷವೆಂದು ಒಂದು ಗಳಿಗೆಯೂ ಅನುಮಾನಿಸಬೇಕಾಗಿಲ್ಲ. ನಮ್ಮ ಕಥೆಯಲ್ಲಿ ಹೊಡೆತವಿಲ್ಲ, ಸಾವಿಲ್ಲ, ಅನುಮಾನವಿದೆ. ಸಣ್ಣಕಥೆಗೆ ಅದು ಸಣ್ಣ ಸಂಪತ್ತಲ್ಲ.

ದೋಷಗಳನ್ನು ಈಗ ಹೇಳಬೇಕು, ಮುಖ್ಯವಾದವು ಎರಡು. ಮೊದಲನೆಯದು ಪಿಟೀಲು ಮನೆಗೆ ಬಂದ ಸಂಜೆಯದು. ರಾಯರು ಕೊಡೆಯ ಕಡ್ಡಿಯೊಂದನ್ನು ಬಾಗಿಸಿ, ಅದರ ಚೂಪಾದ ತುದಿಗೆ ಕಂಬವನ್ನು ಚುಚ್ಚಿ, ಹಲಗೆಯ ಸೀಳಿನ ಮೂಲಕ ಒಳಗಿಳಿಸಿ ನಿಲ್ಲಿಸುವ ವರ್ಣನೆ ನಿರ್ದುಷ್ಟವಾಗಿದೆ. ಕಂಬ ನೆಟ್ಟಗೆ ನಿಂತಿತೇ ಎಂದು ಅವರು ಸೀಳಿನಲ್ಲಿ ಇಣುಕಿ ನೋಡುವುದೂ, ತಂತಿಗಳನ್ನು ಒಂದೊಂದಾಗಿ ಸ್ವಲ್ಪ ಸ್ವಲ್ಪವೇ ಏರಿಸುವುದೂ ಅನುಭವಸ್ಥರ ಕೆಲಸದಂತಿದೆ. ಮಂದ್ರ ಷಡ್ಜ, ಮಂದ್ರ ಪಂಚಮ, ಮಧ್ಯ ಷಡ್ಜ, ಮಧ್ಯ ಪಂಚಮ ಎಂದು ನಾಲ್ಕು ತಂತಿಗಳು ಶ್ರುತಿಗೆ ಬರುತ್ತವೆ. ಅನಂತರ ಕಮಾನಿಗೆ ಆ ಹಳೆಯ ರಾಳವನ್ನು ತಿಕ್ಕುತ್ತಾರೆ. ಇಷ್ಟು ಸರಿಯಾಗಿ ಬರೆದ ಕಥೆಗಾರರು ಮರುವಾಕ್ಯದಲ್ಲಿ, ನಾಣಿ ಪಿಟೀಲನ್ನು ಎದೆಗಾನಿಸಿಕೊಂಡು ಒಂದು ಗೀತೆಯನ್ನು ಇಂಪಾಗಿ ನುಡಿಸಿದನೆಂದೂ ವಠಾರದ ಹೆಂಗಸರು ಕಣ್ಣೊರಸಿಕೊಂಡರೆಂದೂ ಬರೆದುಬಿಟ್ಟಿದ್ದಾರೆ.

ಇದು ಸಾಧ್ಯವಿಲ್ಲ. ಬಿದಿರುಕೋಲು ಎಡಗೈಗೆ ಸ್ಥಾನಗಳ ದೂರವನ್ನು ಕಲಿಸಬಹುದು. ಕಮಾನು ಹಿಡಿವ ಬಲಗೈಗೆ ಅದು ಏನನ್ನೂ ಕಲಿಸದು. ಕಮಾನು ಕುದುರೆಗೆ ಸಮಾಂತರವಾಗಿ ಸಾಗಬೇಕು. ಓರೆಯಾದರೆ ಸ್ವರ ಸೊರಗುತ್ತದೆ. ಅತಿಯಾಗಿ ಒತ್ತಿದರೆ ಕರ್ಕಶವಾಗುತ್ತದೆ. ಒತ್ತು ಸಾಲದಿದ್ದರೆ ತಂತಿಯ ಮೇಲೆ ಜಾರುತ್ತದೆ. ದಿಕ್ಕು ಬದಲಿಸುವಾಗ ಪಕ್ಕದ ತಂತಿಗೆ ತಾಗುತ್ತದೆ. ಮೊದಲ ತಿಂಗಳುಗಳು ಬರಿಯ ತಂತಿಯ ಮೇಲೆ ಕಮಾನನ್ನು ನೆಟ್ಟಗೆ ಎಳೆಯುವುದರಲ್ಲಿಯೇ ಕಳೆಯುತ್ತವೆ. ನೆರೆಹೊರೆಯವರ ಕಣ್ಣಲ್ಲಿ ನೀರು ಬಂದರೆ ಅದು ಬೇರೆ ಕಾರಣಕ್ಕೆ. ಇದನ್ನು ಕೇವಲ ವಾಸ್ತವಾಂಶದ ತಪ್ಪೆಂದು ನಾವು ಎತ್ತಿಹೇಳುತ್ತಿಲ್ಲ, ಇದು ಔಚಿತ್ಯಭಂಗ. ಅರುವತ್ತು ವಾರಗಳಲ್ಲಿ ಹುಡುಗನಿಗೆ ಬಂದಿರುವುದು ಕೈಯಲ್ಲ, ಕಿವಿ. ಆದುದರಿಂದ ಆ ಸಂಜೆ ಅವನು ಮಾಡಬಲ್ಲದ್ದು, ಮಾಡಬೇಕಾದದ್ದು, ಬೇರೊಂದಿದೆ. ಮಂದ್ರ ಷಡ್ಜದ ತಂತಿಯ ಮೇಲೆ, ದಾರ ತೋರಿಸಿದ ಸ್ಥಾನದಲ್ಲಿ ಬೆರಳಿಟ್ಟರೆ ಬರುವ ಪಂಚಮ, ಪಕ್ಕದ ಬರಿ ತಂತಿಯ ಪಂಚಮದೊಡನೆ ಕೂಡಬೇಕು. ಕೂಡದಿದ್ದರೆ ಎರಡರ ನಡುವೆ ಒಂದು ಅದಿರು ಕೇಳಿಸುತ್ತದೆ. ಬೆರಳನ್ನು ಕೂದಲೆಳೆಯಷ್ಟು ಸರಿಸಿದಾಗ ಆ ಅದಿರು ನಿಧಾನವಾಗಿ ಅಡಗುತ್ತದೆ. ಕಮಾನು ಎಷ್ಟೇ ಒರಟಾಗಿರಲಿ, ಕಲಿತ ಕಿವಿಗೆ ಇದು ಕೇಳಿಸುತ್ತದೆ. ಗೀತೆಯ ಬದಲು ಇದೊಂದೇ ನಡೆದಿದ್ದರೆ ಅರುವತ್ತು ವಾರಗಳ ಪಾಠ ಸಾರ್ಥಕವಾಯಿತೆಂದು ವಾಚಕನಿಗೆ ತಾನಾಗಿ ತಿಳಿಯುತ್ತಿತ್ತು. ಮುಂದಿನ ಸನ್ನಿವೇಶಕ್ಕೂ ಅದು ದಾರಿಮಾಡಿಕೊಡುತ್ತಿತ್ತು.

ಆ ಮುಂದಿನ ಸನ್ನಿವೇಶ ಇದು. ಮರುದಿನ ಬೆಳಗ್ಗೆ ನಾಣಿ ಪಿಟೀಲನ್ನು ಕಿವಿಯ ಬಳಿ ಹಿಡಿದು ಅಲುಗಿಸುತ್ತಾನೆ. ಸದ್ದಿಲ್ಲ. ಇನ್ನೊಮ್ಮೆ ಅಲುಗಿಸುತ್ತಾನೆ. ಅಂಗಡಿಯಲ್ಲಿ ರಾಯರೂ ಹೀಗೆಯೇ ಕಿವಿಯ ಬಳಿ ಹಿಡಿದಿದ್ದುದು ಅವನ ಜ್ಞಾಪಕಕ್ಕೆ ಬರುತ್ತದೆ. “ತಾತ, ಅಂಗಡಿಯಲ್ಲೇ ನಿಮಗೆ ಗೊತ್ತಿತ್ತಾ?” ಎಂದು ಕೇಳುತ್ತಾನೆ. ರಾಯರು ದಾರವನ್ನು ಬೆರಳಿಗೆ ಸುತ್ತುತ್ತ, “ಮೊದಲು ಶ್ರುತಿ ಸೇರಿಸು, ಮಗು” ಎನ್ನುತ್ತಾರೆ.

ಕಥೆ ಇಲ್ಲಿ ಮುಗಿದಿದೆ. ಹಸ್ತಪ್ರತಿ ಮಾತ್ರ ಮುಗಿದಿಲ್ಲ. ಮೂವತ್ತು ವರ್ಷಗಳ ಬಳಿಕದ ಪುಟವೊಂದು ಅದಕ್ಕೆ ಅಂಟಿಕೊಂಡಿದೆ. ಎರಡನೆಯ ದೋಷ ಅದೇ. ಗೋಷ್ಠಿಯಲ್ಲಿ ಈ ಪುಟವನ್ನು ಸಮರ್ಥಿಸಿದವರೂ ಇದ್ದರು. ಸಾಲ ತೀರದೆ ಕಥೆ ನಿಂತರೆ ವಂಚನೆಯನ್ನು ಕಥೆಗಾರರು ಅನುಮೋದಿಸಿದಂತಾಗುವುದಿಲ್ಲವೇ ಎಂಬುದು ಅವರ ವಾದ. ವಾದದಲ್ಲಿ ಗೌರವಾರ್ಹವಾದ ಅಂಶವಿದೆ. ಸಾಹಿತ್ಯವು ನೀತಿಯ ವಿಷಯದಲ್ಲಿ ಉದಾಸೀನವಾಗಿರಬೇಕೆಂದು ನಾವೂ ಹೇಳುವವರಲ್ಲ. ಆದರೆ ನೀತಿಯ ದೃಷ್ಟಿಯಿಂದಲೇ ನೋಡಿದರೂ ಆ ಪುಟ ನಿಲ್ಲುವುದಿಲ್ಲ.

ಮೊದಲನೆಯದಾಗಿ, ಅದರ ಲೆಕ್ಕವೇ ತಪ್ಪು. ನಲವತ್ತೈದರಲ್ಲಿ ಹದಿನೈದು ಕಳೆದರೆ ಮೂವತ್ತು ಎಂಬುದು ಸರಿ. ಆದರೆ ನಲವತ್ತೈದು ಎಂಬುದು ಎಲ್ಲಿಂದ ಬಂತು? ಕಥೆಯ ಮೂರನೆಯ ಪುಟದಲ್ಲಿಯೇ ಕಥೆಗಾರರು ಅದನ್ನು ಹೇಳಿದ್ದಾರೆ. ಪಿಟೀಲಿನ ಸೀಳಿನಲ್ಲಿ ಇಣುಕಿದರೆ ಒಳಗೆ ಅಂಟಿಸಿದ ಚೀಟಿಯೊಂದರಲ್ಲಿ ಸ್ಟ್ರಾಡಿವಾರಿಯ ಹೆಸರಿದೆ. ಅದನ್ನು ತೋರಿಸಿಯೇ ಅಂಗಡಿಯವನು ಆ ಬೆಲೆಯನ್ನು ಹೇಳುತ್ತಾನೆ. 1737ರಲ್ಲಿ ತೀರಿಕೊಂಡ ಆ ಇಟಲಿಯ ಶಿಲ್ಪಿಯ ಹೆಸರಿನ ಚೀಟಿಯನ್ನು ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಿಂದ ಈಚೆಗೆ ಯೂರೋಪಿನ ಕಾರ್ಖಾನೆಗಳು ಅಸಂಖ್ಯಾತ ಅಗ್ಗದ ಪಿಟೀಲುಗಳಿಗೆ ಅಂಟಿಸಿವೆ. ಚೀಟಿಯಿಂದ ವಾದ್ಯದ ಯೋಗ್ಯತೆ ತಿಳಿಯುವುದಿಲ್ಲ. ಹೀಗೆ ನಲವತ್ತೈದು ಒಂದು ಸುಳ್ಳು ಚೀಟಿಯ ಬೆಲೆ. ಹದಿನೈದು ಒಂದು ಸುಳ್ಳು ಸದ್ದಿನ ಬೆಲೆ. ಎರಡು ಸುಳ್ಳುಗಳ ನಡುವಣ ವ್ಯವಕಲನದಿಂದ ಸತ್ಯವಾದ ಸಾಲ ಹುಟ್ಟುವುದಿಲ್ಲ. ಪಿಟೀಲಿನ ನಿಜವಾದ ಬೆಲೆ ಎಷ್ಟೆಂಬುದು ಅಂಗಡಿಯಲ್ಲಿದ್ದ ಮೂವರಲ್ಲಿ ಒಬ್ಬರಿಗೆ ಮಾತ್ರ ತಿಳಿದಿತ್ತು; ಅವರು ಹೇಳಲಿಲ್ಲ. ಇಷ್ಟು ಚೆನ್ನಾಗಿ ಹೆಣೆದ ಎಳೆಯನ್ನು ಕಥೆಗಾರರೇ ಕೊನೆಯಲ್ಲಿ ಮರೆತಿರುವುದು ಆಶ್ಚರ್ಯ.

ಎರಡನೆಯದಾಗಿ, ಆ ಪುಟ ಸಾಲವನ್ನು ತಪ್ಪು ವ್ಯಕ್ತಿಯ ತಲೆಗೆ ಕಟ್ಟುತ್ತದೆ. ಮೌನ ರಾಯರದು, ದಂಡ ನಾಣಿಯದು. ಮೂವತ್ತು ರೂಪಾಯಿ ಕೈ ಬದಲಾದೊಡನೆ ರಾಯರ “ಇರಬಹುದು” ಎಂಬ ಮಾತು ಕೇವಲ ಒಂದು ಹಳೆಯ ಬಾಕಿಯಾಗಿ ಪುಸ್ತಕದಿಂದ ವಜಾ ಆಗುತ್ತದೆ. ನಾಣಿಗೆ ತನ್ನ ಗುರುವನ್ನು ಕುರಿತು ಉಳಿಯಬೇಕಾದ ತೊಡಕು, ಅಂದರೆ ತನಗೆ ಕೇಳಲು ಕಲಿಸಿದವರ ತಪ್ಪನ್ನೇ ತಾನು ಮೊದಲು ಕೇಳಿಸಿಕೊಂಡೆ ಎಂಬ ತೊಡಕು, ಸುಲಭವಾಗಿ ಬಿಚ್ಚಿಕೊಳ್ಳುತ್ತದೆ. ವಂಚನೆಯನ್ನು ಅನುಮೋದಿಸುವುದು ಯಾವುದು? ಅದನ್ನು ಉತ್ತರವಿಲ್ಲದೆ ಹುಡುಗನ ಮುಂದಿಡುವುದೋ, ಮೂವತ್ತು ರೂಪಾಯಿಗೆ ತೀರಬಹುದಾದಷ್ಟು ಹಗುರವಾದುದೆಂದು ತೋರಿಸುವುದೋ?

ಚೆಕಾಫನ ‘ರಾತ್‌ಶಿಲ್ಡನ ಪಿಟೀಲು’ (1894) ಎಂಬ ಕಥೆ ಇಲ್ಲಿ ಮಾರ್ಗದರ್ಶಕವಾಗಬಲ್ಲದು. ಶವಪೆಟ್ಟಿಗೆ ಮಾಡುವ ಯಾಕೊವ್ ತನಗಾದ ನಷ್ಟಗಳನ್ನೆಲ್ಲ ಪುಸ್ತಕದಲ್ಲಿ ಬರೆದಿಡುತ್ತಾನೆ. ದುಡಿಯದ ದಿನದ ನಷ್ಟ, ಬೇರೆ ಊರಿನಲ್ಲಿ ಸತ್ತ ಗಿರಾಕಿಯ ನಷ್ಟ. ಹೆಂಡತಿ ಸತ್ತ ಮೇಲೆ, ಬದುಕಿನ ನಿಜವಾದ ನಷ್ಟ ಆ ಪುಸ್ತಕದಲ್ಲಿ ಬರೆಯಲಾಗದ ಬಗೆಯದೆಂದು ಅವನಿಗೆ ಹೊಳೆಯುತ್ತದೆ. ಸಾಯುವಾಗ ಅವನು ತನ್ನ ಪಿಟೀಲನ್ನು, ತಾನು ಹಿಂದೆ ಅವಮಾನಿಸಿ ಅಟ್ಟಿದ ಬಡ ವಾದ್ಯಗಾರನಿಗೇ ಕೊಡುತ್ತಾನೆ. ಅಲ್ಲಿಯೂ ಋಣವನ್ನು ತೀರಿಸುವ ಪ್ರಯತ್ನವಿದೆ, ಆದರೆ ಅದು ರೂಬಲ್ಲುಗಳಲ್ಲಿ ಅಲ್ಲ, ತಪ್ಪುಮಾಡಿದವನೇ ತೀರಿಸುತ್ತಾನೆ, ತೀರಿದ ಮೇಲೂ ಲೆಕ್ಕ ಮುಚ್ಚುವುದಿಲ್ಲ. ಆ ಪಿಟೀಲಿನಲ್ಲಿ ಯಾಕೊವನ ಅಳಲು ಇನ್ನೊಬ್ಬನ ಕೈಯಿಂದ ಮುಂದುವರಿಯುತ್ತದೆ. ಡಬ್ಬಿಯ ಲೆಕ್ಕದಿಂದ ಹೊರಟ ನಮ್ಮ ಕಥೆ ಡಬ್ಬಿಯ ಲೆಕ್ಕಕ್ಕೇ ಮರಳಿದೆ. ದಾರದ ಪಾಠವನ್ನು ನಾಣಿ ಕಲಿತ. ಕೊನೆಯ ಪುಟದಲ್ಲಿ ಕಥೆಗಾರರು ಮತ್ತೆ ಸಮನಾದ ಗೆರೆಗಳನ್ನೇ ಎಳೆದಿದ್ದಾರೆ.

ಆದುದರಿಂದ ನಮ್ಮ ಸೂಚನೆಗಳು ಮೂರು. ರಾಯರ ಹಿಂದಿನ ಬದುಕಿನ ಒಂದೂವರೆ ಪುಟವನ್ನು ತೆಗೆದು ರಾಳದ ಉಂಡೆಯನ್ನು ಉಳಿಸಬೇಕು. ಮೊದಲ ಸಂಜೆಯ ಗೀತೆಯನ್ನು ಬಿಟ್ಟು, ಒಂದು ಪಂಚಮ ಇನ್ನೊಂದು ಪಂಚಮದೊಡನೆ ಕೂಡುವಷ್ಟಕ್ಕೆ ತೃಪ್ತರಾಗಬೇಕು. ಕೊನೆಯ ಪುಟವನ್ನು ಕೈಬಿಡಬೇಕು. “ಮೊದಲು ಶ್ರುತಿ ಸೇರಿಸು” ಎಂಬ ಮಾತು ಹುಡುಗನ ಪ್ರಶ್ನೆಗೆ ಉತ್ತರವಲ್ಲ. ಉತ್ತರವನ್ನು ತಪ್ಪಿಸಿಕೊಳ್ಳುವ ಮುದುಕರೊಬ್ಬರ ನಾಚಿಕೆ. ಆ ನಾಚಿಕೆಯನ್ನು ಕೇಳಿಸಿಕೊಳ್ಳುವಷ್ಟು ಕಿವಿ ಆಗಲೇ ನಾಣಿಗೆ ಬಂದಿದೆ. ಅಲ್ಲಿಯವರೆಗೆ ಓದಿದ ವಾಚಕನಿಗೂ ಬಂದಿರುತ್ತದೆ.